ಯಾರ ಸಮ್ಮತಿ? ಅರಿತ ಸಮ್ಮತಿಯ ಪಾಠದ ನಂತರ ಕೇಳಬೇಕಾದ ಪ್ರಶ್ನೆಗಳು

ವೈದ್ಯರು ‘ಇನ್ಫಾರ್ಮ್ಡ್ ಕನ್ಸೆಂಟ್’ ಎಂದು ಕರೆಯುವುದನ್ನು ನಮ್ಮ ತರಗತಿಗಳಲ್ಲಿ ‘ಅರಿತ ಸಮ್ಮತಿ’ ಎನ್ನುವುದು ರೂಢಿಯಾಗಿದೆ. ಈ ವಿಷಯದ ಮೇಲೆ ಗುರುವಿದ್ಯಾರ್ಥಿಗಳು ಮಂಡಿಸುವ ಪ್ರಬಂಧಗಳು ಬಹುಮಟ್ಟಿಗೆ ಒಂದೇ ಹಾದಿಯಲ್ಲಿ ನಡೆಯುತ್ತವೆ. 1947ರ ನ್ಯೂರೆಂಬರ್ಗ್ ಸಂಹಿತೆಯಿಂದ ಮೊದಲುಗೊಂಡು, ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಪರಂಗಿರೋಗವಿದ್ದ ಕಪ್ಪು ಜನರನ್ನು ಚಿಕಿತ್ಸೆಯಿಲ್ಲದೆ ಸುಮ್ಮನೆ ಗಮನಿಸುತ್ತ ಕುಳಿತ ಕಥೆಯನ್ನು ಹೇಳಿ, ಕೊನೆಗೆ ನಾಲ್ಕು ತತ್ತ್ವಗಳ ಪಟ್ಟಿಯೊಂದಿಗೆ ಮಂಡನೆ ಮುಗಿಯುತ್ತದೆ. ಅದಾದ ಮೇಲೆ ಚರ್ಚೆಗೆಂದು ಒಂದು ಪ್ರಶ್ನೆ: ‘ರೋಗಿಗೆ ತಿಳಿಸದೆ ಶಸ್ತ್ರಚಿಕಿತ್ಸೆ ಮಾಡುವುದು ಸರಿಯೇ?’ ಇಡೀ ತರಗತಿ ‘ಸರಿಯಲ್ಲ’ ಎನ್ನುತ್ತದೆ, ಗಂಟೆ ಬಾರಿಸುತ್ತದೆ.

ಇದು ಪ್ರಶ್ನೆಯೇ ಅಲ್ಲ. ಒಂದು ಪಕ್ಕದಲ್ಲಿ ದುಷ್ಟನನ್ನೂ ಇನ್ನೊಂದು ಪಕ್ಕದಲ್ಲಿ ನಿರಪರಾಧಿಯನ್ನೂ ನಿಲ್ಲಿಸಿದರೆ ಅಲ್ಲಿ ಇಕ್ಕಟ್ಟಿಲ್ಲ, ತೀರ್ಪು ಮಾತ್ರ ಇದೆ. ನಿಜವಾದ ನೈತಿಕ ಇಕ್ಕಟ್ಟಿನಲ್ಲಿ ಎರಡೂ ಕಡೆ ಒಂದೊಂದು ಒಳಿತು ಇರುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಕೈಜಾರುತ್ತದೆ. ಅಂಥ ಪ್ರಶ್ನೆಗಳನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ವಿಧಾನ ಸರಳವಾದುದು: ಒಂದು ನಿಜವಾದ ಪ್ರಕರಣವನ್ನು ಪೂರ್ಣವಾಗಿ ತಿಳಿದುಕೊಂಡು, ಅದರ ಒಂದೊಂದೇ ಅಂಶವನ್ನು ಬದಲಿಸುತ್ತ ಹೋಗುವುದು. ಯಾವ ಅಂಶ ಬದಲಾದಾಗ ನಮ್ಮ ಉತ್ತರವೂ ಬದಲಾಯಿತೋ ಅಲ್ಲಿ ತತ್ತ್ವವೊಂದು ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ.

ಆಧಾರವಾಗಿ ನಾನು ಆರಿಸಿಕೊಳ್ಳುವುದು ಸಮೀರಾ ಕೊಹ್ಲಿ ಪ್ರಕರಣವನ್ನು. ಘಟನೆ ನಡೆದದ್ದು ದೆಹಲಿಯಲ್ಲಾದರೂ, 2008ರ ಜನವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಕೊಟ್ಟ ತೀರ್ಪು ಇಂದಿಗೂ ಭಾರತದಲ್ಲಿ ಚಿಕಿತ್ಸೆಯ ಸಮ್ಮತಿಗೆ ಮೂಲಾಧಾರವಾಗಿದೆ. ತೀರ್ಪನ್ನು ಬರೆದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್.

ಸಂಗತಿ ಇಷ್ಟು. 1995ರ ಮೇ ತಿಂಗಳಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಒಂಬತ್ತು ದಿನಗಳಿಂದ ನಿಲ್ಲದ ಮುಟ್ಟಿನ ಸ್ರಾವಕ್ಕಾಗಿ ಸ್ತ್ರೀರೋಗ ತಜ್ಞೆಯ ಬಳಿಗೆ ಹೋದರು. ಸ್ಕ್ಯಾನಿಂಗ್ ಆಯಿತು. ಮರುದಿನ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಲ್ಯಾಪರೋಸ್ಕೋಪು ಇಳಿಸಿ ನೋಡುವುದೆಂದು ನಿಶ್ಚಯವಾಯಿತು. ಅವರು ಸಹಿ ಮಾಡಿದ ಪತ್ರದಲ್ಲಿ ಲ್ಯಾಪರೋಸ್ಕೋಪಿಯ ಮಾತಿತ್ತು, ಹೊಟ್ಟೆ ತೆರೆಯಬೇಕಾಗಿ ಬರಬಹುದೆಂಬ ಮಾತೂ ಇತ್ತು. ಗರ್ಭಕೋಶ ತೆಗೆಯುವ ಮಾತಿರಲಿಲ್ಲ. ಒಳಗೆ ನೋಡಿದಾಗ ವೈದ್ಯೆಗೆ ತೀವ್ರವಾದ ಎಂಡೋಮೆಟ್ರಿಯೋಸಿಸ್ ಕಂಡಿತು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲ ಬೆಳೆದು ಅಂಗಗಳನ್ನು ಅಂಟಿಸಿಬಿಡುವ ವ್ಯಾಧಿ ಅದು. ರೋಗಿ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಸಹಾಯಕ ವೈದ್ಯೆ ಹೊರಗೆ ಬಂದು, ಅಲ್ಲಿ ಕುಳಿತಿದ್ದ ರೋಗಿಯ ತಾಯಿಯ ಒಪ್ಪಿಗೆ ಪಡೆದರು. ಗರ್ಭಕೋಶ, ಎರಡೂ ಅಂಡಾಶಯಗಳು, ಅಂಡನಾಳಗಳು ಎಲ್ಲವನ್ನೂ ತೆಗೆಯಲಾಯಿತು.

ರೋಗಿ ಎಚ್ಚರಗೊಂಡಾಗ ತನಗೆ ಇನ್ನು ಮಕ್ಕಳಾಗುವಂತಿಲ್ಲವೆಂಬುದೂ, ಅಂಡಾಶಯಗಳಿಲ್ಲದೆ ಮುಟ್ಟುನಿಲ್ಲುವ ಅವಸ್ಥೆ ಒಂದೇ ದಿನದಲ್ಲಿ ಬಂದುಬಿಟ್ಟಿದೆಯೆಂಬುದೂ ತಿಳಿಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಅವರ ದೂರನ್ನು ವಜಾ ಮಾಡಿತು. ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ವೈದ್ಯೆಗೆ ಶುಲ್ಕ ಸಲ್ಲದೆಂದು ಹೇಳಿ, ಪರಿಹಾರವಾಗಿ ಕೊಡಿಸಿದ್ದು 25,000 ರೂಪಾಯಿ ಮಾತ್ರ. ಏಕೆಂದರೆ ವೈದ್ಯೆ ಸದ್ಭಾವದಿಂದ, ರೋಗಿಯ ಹಿತಕ್ಕಾಗಿಯೇ ವರ್ತಿಸಿದ್ದಾರೆ ಎಂದು ನ್ಯಾಯಾಲಯ ಒಪ್ಪಿತು. ಈ ಪ್ರಕರಣವು ಪಾಠಕ್ಕೆ ಇಷ್ಟೊಂದು ಒದಗುವುದು ಇದರಿಂದಲೇ. ಇಲ್ಲಿ ದುಷ್ಟರಿಲ್ಲ. ಚಿಕಿತ್ಸೆಯೂ ತಪ್ಪು ಚಿಕಿತ್ಸೆಯಲ್ಲ. ಆದರೂ ಒಬ್ಬ ಹೆಣ್ಣುಮಗಳಿಗೆ ಅನ್ಯಾಯವಾಗಿದೆ. ಹಾಗಾದರೆ ಆ ಅನ್ಯಾಯ ಎಲ್ಲಿದೆ?

ಇದೇ ಮೊದಲ ಪ್ರಶ್ನೆ: ತಾಯಿ ಒಪ್ಪಿದಳಲ್ಲ, ಅದು ಸಾಲದೇ? ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದ ವಿದ್ಯಾರ್ಥಿಗಳು ಇಲ್ಲಿ ತಡವರಿಸುತ್ತಾರೆ, ತಡವರಿಸಲೂ ಬೇಕು. ಹಡೆದ ತಾಯಿಗಿಂತ ಹಿತಚಿಂತಕರು ಯಾರು? ಆಸ್ಪತ್ರೆಗೆ ಕರೆತಂದವರು, ದುಡ್ಡು ಹೊಂದಿಸಿದವರು, ರಾತ್ರಿ ಕಾಯುವವರು ಮನೆಯವರೇ. ನಮ್ಮ ಆಸ್ಪತ್ರೆಗಳಲ್ಲಿ ಸಹಿಯನ್ನು ರೋಗಿಯಿಂದಲ್ಲ, ‘ಪೇಶಂಟ್ ಕಡೆಯವರು ಯಾರು?’ ಎಂದು ಕೂಗಿ ಅವರಿಂದಲೇ ಹಾಕಿಸಿಕೊಳ್ಳುವ ವಾಡಿಕೆಯೂ ಇದೆ. ನ್ಯಾಯಾಲಯದ ಉತ್ತರ ಸ್ಪಷ್ಟವಾಗಿತ್ತು. ರೋಗಿ ಅಪ್ರಾಪ್ತೆಯಲ್ಲ, ಬುದ್ಧಿಭ್ರಮಣೆಯಾದವಳಲ್ಲ, ತಾತ್ಕಾಲಿಕವಾಗಿ ಪ್ರಜ್ಞೆಯಿಲ್ಲದವಳು. ಪ್ರಾಣಾಪಾಯವಿರಲಿಲ್ಲ. ಆಕೆ ಎಚ್ಚರವಾಗುವವರೆಗೆ ಕಾಯಬಹುದಿತ್ತು. ಆದ್ದರಿಂದ ತಾಯಿಯ ಮಾತಿಗೆ ಸಮ್ಮತಿಯ ಬೆಲೆಯಿಲ್ಲ.

ಕಾನೂನು ಹೀಗೆಂದಿತು ಎಂದರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಆದರೆ ಒಳಗೊಳಗೇ ಇದು ನಗರದವರ ನ್ಯಾಯವೆಂದು ಭಾವಿಸುತ್ತಾರೆ. ಈ ವಿಚಾರ ನಮ್ಮ ಮನೆಯಲ್ಲೇ ಇದೆ ಎಂದು ತೋರಿಸಲು ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆರೆಯುವುದು ಒಳ್ಳೆಯದು. ವಿವಾಹದ ಕುರಿತಾದ 1057ನೇ ಕಾನೂನು ಏನೆನ್ನುತ್ತದೆ? ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ. ಆ ಸಮ್ಮತಿಯನ್ನು ಯಾವ ಮಾನವ ಅಧಿಕಾರವೂ ತುಂಬಿಕೊಡಲಾರದು. ಮದುವೆಗೆ ಮುನ್ನ ವರನನ್ನೂ ವಧುವನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ‘ನಿನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀಯಾ?’ ಎಂದು ಕೇಳುವವರು ನಾವು. ‘ನಮ್ಮ ಹುಡುಗಿ ಒಪ್ಪ್ಯಾಳ್ರಿ’ ಎಂದು ತಂದೆ ಹೇಳಿದರೆ ಯಾವ ಧರ್ಮಕೇಂದ್ರದ ಗುರುವೂ ಅಷ್ಟಕ್ಕೇ ಪುಸ್ತಕದಲ್ಲಿ ಸಹಿ ಹಾಕಿಸುವುದಿಲ್ಲ. ಹೀಗಿರುವಾಗ ಮಗಳ ಗರ್ಭಕೋಶದ ವಿಷಯದಲ್ಲಿ ತಾಯಿಯ ಮಾತೇ ಸಾಕೆಂದು ನಮಗೆ ಅನ್ನಿಸುವುದೇಕೆ? ಹೀಗೆ ಕೇಳಿದಾಗ ತರಗತಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ಮುಂದಿನ ಮಾತಿಗೆ ಆ ಮೌನ ಬೇಕು.

ಪೋಪ್ ಹನ್ನೆರಡನೇ ಪಿಯುಸ್ ಅವರು 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡಿದಾಗ ಇದನ್ನೇ ವೈದ್ಯರಿಗೆ ಅನ್ವಯಿಸಿದ್ದರು. ರೋಗಿಯ ಮೇಲೆ ವೈದ್ಯನಿಗೆ ಪ್ರತ್ಯೇಕವಾದ, ಸ್ವತಂತ್ರವಾದ ಹಕ್ಕಿಲ್ಲ. ರೋಗಿಯು ಬಾಯಿಬಿಟ್ಟೋ ಸೂಚ್ಯವಾಗಿಯೋ ಅನುಮತಿ ಕೊಟ್ಟಷ್ಟಕ್ಕೇ ಅವನ ಅಧಿಕಾರ ಎಂಬುದು ಅವರ ಮಾತಿನ ತಿರುಳು. ಕೃತಕ ಉಸಿರಾಟದ ಚರ್ಚೆಯಲ್ಲಿ ಆ ಭಾಷಣವನ್ನು ನಾವು ಹೆಚ್ಚಾಗಿ ಉಲ್ಲೇಖಿಸುತ್ತೇವೆ. ಸಮ್ಮತಿಯ ಪಾಠದಲ್ಲಿ ಮರೆತುಬಿಡುತ್ತೇವೆ.

ಈಗ ಒಂದು ಅಂಶವನ್ನು ಬದಲಿಸೋಣ. ಲ್ಯಾಪರೋಸ್ಕೋಪು ಇಳಿಸಿದಾಗ ಎಂಡೋಮೆಟ್ರಿಯೋಸಿಸ್ ಬದಲು ಒಡೆದ ರಕ್ತನಾಳವೊಂದು ಕಂಡಿತು, ರಕ್ತದೊತ್ತಡ ಕುಸಿಯುತ್ತಿದೆ, ಗರ್ಭಕೋಶ ತೆಗೆಯದಿದ್ದರೆ ಅರ್ಧ ಗಂಟೆಯಲ್ಲಿ ಸಾವು. ವೈದ್ಯೆ ಯಾರನ್ನು ಕೇಳಬೇಕು? ಯಾರನ್ನೂ ಅಲ್ಲ. ಪ್ರಾಣವನ್ನು ಉಳಿಸಲು ಅಥವಾ ಆರೋಗ್ಯವನ್ನು ಕಾಪಾಡಲು ಅಗತ್ಯವಾಗಿದ್ದು, ಎಚ್ಚರವಾಗುವವರೆಗೆ ತಡೆಯುವುದು ಅಸಮಂಜಸವಾಗಿದ್ದರೆ ಮುಂದುವರಿಯಬಹುದೆಂದು ಅದೇ ತೀರ್ಪು ಹೇಳುತ್ತದೆ. ಇಲ್ಲಿ ವಿವಾಹದ ಹೋಲಿಕೆ ನಿಂತುಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಬೇಕು. ವಿವಾಹದಲ್ಲಿ ‘ತುರ್ತು’ ಎಂಬುದು ಸಮ್ಮತಿಗೆ ಬದಲಿಯಾಗದು, ಸಾವಿನ ಹಾಸಿಗೆಯ ಮೇಲೂ ಆಗದು. ಚಿಕಿತ್ಸೆಯಲ್ಲಿ ಆಗುತ್ತದೆ, ಏಕೆಂದರೆ ನೆರೆಯವನ ಪ್ರಾಣವನ್ನು ಉಳಿಸುವುದು ಅವನು ಹೇಳುವ ಮೊದಲೇ ನಮ್ಮ ಮೇಲಿರುವ ಕರ್ತವ್ಯ. ಲೂಕನ ಹತ್ತನೆಯ ಅಧ್ಯಾಯದ ಸಮಾರಿಯದವನು ಅರೆಜೀವವಾಗಿ ಬಿದ್ದವನ ಅಪ್ಪಣೆ ಕೇಳಲಿಲ್ಲ. ಆದರೆ ಅವನು ಮಾಡಿದ್ದನ್ನೂ ಗಮನಿಸಿ: ಗಾಯ ಕಟ್ಟಿದನು, ಛತ್ರಕ್ಕೆ ಸೇರಿಸಿದನು, ಖರ್ಚು ಕೊಟ್ಟನು. ಕಾಯಲಾಗದಷ್ಟನ್ನು ಮಾತ್ರ ಮಾಡಿ, ಉಳಿದುದನ್ನು ಆ ಮನುಷ್ಯನ ಚೇತರಿಕೆಗೆ ಬಿಟ್ಟನು.

ಇನ್ನೊಂದು ಬದಲಾವಣೆ ಇದಕ್ಕಿಂತ ಕಠಿಣ. ಪ್ರಾಣಾಪಾಯವಿಲ್ಲ. ಆದರೆ ರೋಗಿ ಬಡವಳು. ಇಂದು ಹೊಟ್ಟೆ ಮುಚ್ಚಿ, ಎಚ್ಚರಗೊಳಿಸಿ, ಕೇಳಿ, ತಿಂಗಳ ನಂತರ ಮತ್ತೆ ತೆರೆಯಬೇಕೆಂದರೆ ಎರಡನೆಯ ಸಲ ಅರಿವಳಿಕೆ, ಎರಡನೆಯ ಸಲ ಖರ್ಚು, ಎರಡನೆಯ ಸಲ ಕೂಲಿ ನಷ್ಟ. ವೈದ್ಯೆಯ ಕೈ ಮುಂದುವರಿಯಲು ಎಳೆಯುವುದು ದುರಾಸೆಯಿಂದಲ್ಲ, ಕನಿಕರದಿಂದ. ಇಲ್ಲಿ ಹೆಚ್ಚಿನವರು ವೈದ್ಯೆಯ ಪಕ್ಷ ವಹಿಸುತ್ತಾರೆ. ನಾನು ಅವರಿಗೆ ಉತ್ತರ ಹೇಳುವುದಿಲ್ಲ. ಹಿಂದಿನ ಸಂಜೆಗೆ ಕರೆದೊಯ್ಯುತ್ತೇನೆ. ಹಿಂದಿನ ಸಂಜೆ ವೈದ್ಯೆ ರೋಗಿಯ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು, ‘ಒಳಗೆ ನೋಡಿದಾಗ ಹೀಗೆ ಕಂಡರೆ ಗರ್ಭಕೋಶ ತೆಗೆಯಬಹುದು, ಔಷಧದಿಂದ ಮೊದಲು ಪ್ರಯತ್ನಿಸಲೂಬಹುದು, ನಿಮಗೇನು ಬೇಕು?’ ಎಂದು ಕೇಳಿದ್ದರೆ ಈ ಇಕ್ಕಟ್ಟೇ ಹುಟ್ಟುತ್ತಿರಲಿಲ್ಲ. ಪರೀಕ್ಷೆಗೂ ಚಿಕಿತ್ಸೆಗೂ ಸೇರಿಸಿ ಒಂದೇ ಸಮ್ಮತಿ ಪಡೆಯಲು ನ್ಯಾಯಾಲಯ ಅವಕಾಶ ಕೊಟ್ಟಿದೆ. ಪರೀಕ್ಷೆಗೆ ಕೊಟ್ಟ ಸಮ್ಮತಿಯನ್ನು ಚಿಕಿತ್ಸೆಗೆ ಎಳೆಯಬಾರದು ಎಂದಷ್ಟೇ ಹೇಳಿದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿನ ಇಕ್ಕಟ್ಟುಗಳಲ್ಲಿ ಬಹುಪಾಲು ಹಿಂದಿನ ಸಂಜೆಯ ಮೌನದಲ್ಲಿ ಹುಟ್ಟಿದವು ಎಂದು ನನ್ನ ಅಭಿಪ್ರಾಯ. ನೀತಿಯ ತರಗತಿಯಲ್ಲಿ ನಾವು ಮೇಜಿನ ಕ್ಷಣವನ್ನೇ ದಿಟ್ಟಿಸುತ್ತೇವೆ, ಸಂಜೆಯನ್ನು ನೋಡುವುದಿಲ್ಲ.

ಏನನ್ನು ತಿಳಿಸಬೇಕು ಎಂಬ ಬಗ್ಗೆ ತೀರ್ಪಿನಲ್ಲಿರುವುದು ತೀರ ಸರಳ: ಏನು ಮಾಡುತ್ತಾರೆ ಮತ್ತು ಏಕೆ, ಬೇರೆ ದಾರಿಗಳಿವೆಯೇ, ಮುಖ್ಯ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ. ಬಹು ಅಪರೂಪದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಾಗಿಲ್ಲ. ಎಷ್ಟು ಹೇಳಬೇಕೆಂಬುದಕ್ಕೆ ನ್ಯಾಯಾಲಯ ವೈದ್ಯಸಮೂಹದ ರೂಢಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ರೋಗಿಯ ದೃಷ್ಟಿಯಿಂದ ಅಳೆಯುವ ಅಮೆರಿಕದ ಮಾನದಂಡ ನಮ್ಮ ದೇಶದ ಸ್ಥಿತಿಗೆ ಹೊಂದದೆಂದು ಬದಿಗಿಟ್ಟಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಮಾತ್ರ 2015ರಲ್ಲಿ ಮಾಂಟ್ಗೊಮರಿ ಪ್ರಕರಣದಲ್ಲಿ ವೈದ್ಯರ ಅಳತೆಯನ್ನು ಕೈಬಿಟ್ಟು ರೋಗಿಯ ಅಳತೆಗೆ ಬಂದಿತು. ಮಧುಮೇಹವಿದ್ದ, ಗಿಡ್ಡ ಮೈಕಟ್ಟಿನ ಬಸುರಿಗೆ, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸುಮಾರು ನೂರಕ್ಕೆ ಒಂಬತ್ತು-ಹತ್ತರಷ್ಟು ಸಾಧ್ಯತೆಯನ್ನು ವೈದ್ಯೆ ಹೇಳಿರಲಿಲ್ಲ. ಹೇಳಿದರೆ ಆಕೆ ಸಿಸೇರಿಯನ್ ಕೇಳುತ್ತಾಳೆಂಬುದೇ ಕಾರಣ. ಕೇಳುತ್ತಾಳೆಂದು ಗೊತ್ತಿದ್ದುದನ್ನೇ ಹೇಳದೆ ಉಳಿಸುವುದರಲ್ಲಿ ಏನಿದೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಸಾಕು. ನನಗಂತೂ ರೋಗಿಯ ಅಳತೆಯೇ ದೇವರ ಪ್ರತಿರೂಪವಾದ ವ್ಯಕ್ತಿಯ ಕುರಿತಾದ ನಮ್ಮ ಬೋಧನೆಗೆ ಹತ್ತಿರವೆನಿಸುತ್ತದೆ.

ಈವರೆಗಿನದು ಸಹಿಯೇ ಇಲ್ಲದ ಪ್ರಸಂಗ. ನಮ್ಮ ಉತ್ತರ ಕರ್ನಾಟಕದ ಸಂಕಟ ಬೇರೆ: ಇಲ್ಲಿ ಸಹಿ ಇರುತ್ತದೆ, ಹೆಬ್ಬೆಟ್ಟೂ ಇರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ, ಆಮೇಲೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕಡೆ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಣ್ಣುಮಕ್ಕಳು ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ದೂರಿದ್ದನ್ನೂ, ಬೀದಿಗಿಳಿದು ನ್ಯಾಯ ಕೇಳಿದ್ದನ್ನೂ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹೊಟ್ಟೆನೋವು, ಬಿಳುಪು ಹೋಗುವುದು ಮುಂತಾದ ದೂರಿನೊಂದಿಗೆ ಹೋದವರಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ಹುಟ್ಟಿಸಲಾಯಿತು ಎಂಬುದು ಆ ದೂರುಗಳಲ್ಲಿ ಮತ್ತೆ ಮತ್ತೆ ಬಂದ ಮಾತು.

ಇದನ್ನು ಆಧರಿಸಿ, ಪಾಠಕ್ಕಾಗಿ ನಾನೇ ಕಟ್ಟಿದ ಪ್ರಸಂಗವೊಂದನ್ನು ಮುಂದಿಡುತ್ತೇನೆ. ಗಜೇಂದ್ರಗಡದ ಹತ್ತಿರದ ಪುರ್ತಗೇರಿಯಂಥ ಊರಿನ ಕೂಲಿ ಹೆಣ್ಣುಮಗಳು. ವಯಸ್ಸು 38. ಮೂರು ಮಕ್ಕಳು, ಮಕ್ಕಳಾಗದ ಆಪರೇಷನ್ ಆಗಿದೆ. ಒಂದು ವರ್ಷದಿಂದ ಮುಟ್ಟಿನಲ್ಲಿ ಅತಿಯಾದ ಸ್ರಾವ. ತಿಂಗಳಿಗೆ ಐದಾರು ದಿನ ಹೊಲಕ್ಕೆ ಹೋಗಲಾಗದು, ಕಡಲೆ ಕೀಳುವ ಹಂಗಾಮಿನಲ್ಲಿ ಅದು ದೊಡ್ಡ ನಷ್ಟ. ಹಿಮೋಗ್ಲೋಬಿನ್ 7.8. ಸ್ಕ್ಯಾನಿಂಗಿನಲ್ಲಿ ಎರಡು ಸೆಂಟಿಮೀಟರಿನ ಒಂದು ಗಡ್ಡೆ. ಖಾಸಗಿ ವೈದ್ಯರು ‘ಚೀಲದಾಗ ಗಡ್ಡಿ ಐತಿ, ಇಟ್ಕೊಂಡ್ರ ಮುಂದ ಕ್ಯಾನ್ಸರ್ ಆದೀತು, ತಗಸಿಬಿಡು’ ಎಂದಿದ್ದಾರೆ. ಆಕೆ ಹೆಬ್ಬೆಟ್ಟು ಒತ್ತಲು ಸಿದ್ಧಳಾಗಿಯೇ ಧರ್ಮಕೇಂದ್ರದ ಗುರುವಿನ ಬಳಿ ಬಂದು ಕೇಳುತ್ತಾಳೆ: ‘ಫಾದರ್, ಚೀಲ ತಗಸ್ಲ್ಯೋ ಬ್ಯಾಡೋ?’

ವಿದ್ಯಾರ್ಥಿಗಳು ತಕ್ಷಣ ಹಾರುವುದು ಸಂತಾನಹರಣದ ಪ್ರಶ್ನೆಗೆ. ಧರ್ಮಸಭೆ ಗರ್ಭಕೋಶ ತೆಗೆಯುವುದನ್ನು ಒಪ್ಪುತ್ತದೆಯೇ, ಪೂರ್ಣತೆಯ ತತ್ತ್ವ ಅನ್ವಯಿಸುತ್ತದೆಯೇ, ಇತ್ಯಾದಿ. ಅಂಗವು ನಿಜವಾಗಿ ರೋಗಗ್ರಸ್ತವಾಗಿದ್ದು ಇಡೀ ದೇಹದ ಒಳಿತಿಗಾಗಿ ತೆಗೆಯುವುದಾದರೆ ಅಡ್ಡಿಯಿಲ್ಲ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಅಲ್ಲಿಗೆ ಹೋಗುವ ಮೊದಲೇ ಪ್ರಶ್ನೆ ಬೇರೆಡೆ ಇದೆ: ಈಕೆ ಒಪ್ಪುತ್ತಿರುವುದು ಯಾವುದಕ್ಕೆ? ಅಷ್ಟು ಸಣ್ಣ ನಾರುಗಡ್ಡೆ ಕ್ಯಾನ್ಸರಾಗುವುದು ಬಹು ಅಪರೂಪ. ಕ್ಯಾನ್ಸರಿನ ಶಂಕೆಯಿದ್ದರೆ ಅದನ್ನು ತಿಳಿಯಲು ಗರ್ಭಕಂಠದ ಲೇಪ ಪರೀಕ್ಷೆಯೂ ಒಳಪದರದ ಚೂರನ್ನು ತೆಗೆದು ನೋಡುವ ಬಯಾಪ್ಸಿಯೂ ಇವೆ, ಎರಡೂ ಆಗಿಲ್ಲ. ಸ್ರಾವ ತಗ್ಗಿಸಲು ಮಾತ್ರೆಗಳಿವೆ, ಹಾರ್ಮೋನಿನ ಸಾಧನವನ್ನು ಗರ್ಭಕೋಶದೊಳಗೆ ಇಡಬಹುದು, ರಕ್ತಹೀನತೆಗೆ ಕಬ್ಬಿಣಾಂಶ ಕೊಡಬೇಕು. ಆ ಹಿಮೋಗ್ಲೋಬಿನ್ನಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಅವಸರಪಡುವುದೇ ಅಪಾಯ. ಜೊತೆಗೆ ಅಂಡಾಶಯವನ್ನೂ ತೆಗೆದರೆ 38ನೆಯ ವಯಸ್ಸಿನಲ್ಲೇ ಮೈ ಬಿಸಿಯೇರುವುದು, ಎಲುಬು ಸವೆಯುವುದು ಮೊದಲಾಗುತ್ತದೆ. ಹೊರೆ ಹೊತ್ತು ಬದುಕುವವಳಿಗೆ ಎಲುಬೇ ಬಂಡವಾಳ.

ಸಂಹಿತೆಯ ಬೆಳಕಿನಲ್ಲಿ ನೋಡಿದರೆ ಇಲ್ಲಿ ಎರಡು ದೋಷಗಳಿವೆ. 1098ನೇ ಕಾನೂನು ವಂಚನೆಯಿಂದ ಪಡೆದ ವಿವಾಹ ಸಮ್ಮತಿಯನ್ನೂ, 1103ನೇ ಕಾನೂನು ಹೊರಗಿನಿಂದ ಹೇರಿದ ಬಲಾತ್ಕಾರ ಮತ್ತು ಗಂಭೀರ ಭಯದಿಂದ ಪಡೆದ ಸಮ್ಮತಿಯನ್ನೂ ಅಸಿಂಧುವೆನ್ನುತ್ತವೆ. ಕ್ಯಾನ್ಸರಿನ ಸುಳ್ಳು ಭಯದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ. 1101ನೇ ಕಾನೂನು ಹೇಳುವಂತೆ, ಆಡಿದ ಮಾತಿಗೆ ಅನುಗುಣವಾಗಿಯೇ ಒಳಗಿನ ಸಮ್ಮತಿ ಇದೆಯೆಂದು ಭಾವಿಸಬೇಕು. ಆದರೆ ಅದು ಭಾವನೆ ಮಾತ್ರ, ಸಾಕ್ಷ್ಯದಿಂದ ಮುರಿಯಬಹುದಾದದ್ದು. ಹೆಬ್ಬೆಟ್ಟಿನ ಗುರುತಿಗೂ ಅಷ್ಟೇ ಬೆಲೆ.

ಇಷ್ಟಕ್ಕೆ ನಿಂತರೆ ಮತ್ತೆ ದುಷ್ಟ-ನಿರಪರಾಧಿಯ ಕಥೆಯೇ ಆಗುತ್ತದೆ. ಆದ್ದರಿಂದ ಒಂದು ಅಂಶ ಬದಲಿಸುತ್ತೇನೆ. ವೈದ್ಯರು ಸುಳ್ಳು ಹೇಳಿಲ್ಲ. ಮಾತ್ರೆ, ಸಾಧನ ಎಲ್ಲವನ್ನೂ ವಿವರಿಸಿದ್ದಾರೆ. ಆಕೆಯೇ ಹೇಳುತ್ತಾಳೆ: ‘ತಿಂಗ್ಳಾ ತಿಂಗ್ಳಾ ದವಾಖಾನಿಗೆ ಅಡ್ಡಾಡೂದು ನನ್ನ ಕೈಲೆ ಆಗೂದಿಲ್ರಿ. ಮಕ್ಳು ಸಾಕು. ಒಮ್ಮೆ ತಗದಬಿಡ್ರಿ.’ ಈಗ? ಸಮಾಜಸೇವೆಯ ಉತ್ಸಾಹವಿರುವ ವಿದ್ಯಾರ್ಥಿಗಳು ಆಕೆಯನ್ನು ತಡೆಯಬೇಕೆನ್ನುತ್ತಾರೆ: ಬಡತನವೇ ಆಕೆಯಿಂದ ಇದನ್ನು ಹೇಳಿಸುತ್ತಿದೆ, ಇದು ಸ್ವಾತಂತ್ರ್ಯವಲ್ಲ. ಹಾಗೆಂದರೆ ಬಡವರಿಗೆ ಸಮ್ಮತಿಸುವ ಶಕ್ತಿಯೇ ಇಲ್ಲವೆಂದಾಯಿತಲ್ಲ? ಬಡತನ ಆಯ್ಕೆಗಳನ್ನು ಕಿರಿದಾಗಿಸುತ್ತದೆ, ಆಯ್ದುಕೊಳ್ಳುವವಳನ್ನು ಅಳಿಸಿಹಾಕುವುದಿಲ್ಲ. ಆಕೆಯ ಬದುಕಿನ ಲೆಕ್ಕ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ವೈದ್ಯನಿಗೆ ರೋಗಿ ಕೇಳಿದ್ದನ್ನೆಲ್ಲ ಮಾಡುವ ಹೊಣೆಯಿಲ್ಲ. ಸಮ್ಮತಿಯು ಅನುಮತಿ, ಆಜ್ಞೆಯಲ್ಲ. ಈ ಎರಡರ ನಡುವೆ ಗುರುವು ಮಾಡಬಹುದಾದ ಕೆಲಸ ಸಣ್ಣದು: ನಾಲ್ಕು ವಾರ ಮಾತ್ರೆ ಮತ್ತು ಕಬ್ಬಿಣಾಂಶ, ಬಯಾಪ್ಸಿ, ಗದಗಿನ ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಇವುಗಳಿಗೆ ದಾರಿ ಮಾಡಿಕೊಟ್ಟು, ಬೇಕಾದರೆ ಬಸ್ಸಿನ ಖರ್ಚನ್ನೂ ಕೊಟ್ಟು, ಅನಂತರವೂ ಆಕೆ ಹೂಂ ಎಂದರೆ ಆ ಹೂಂ ಅನ್ನು ಗೌರವಿಸುವುದು. ‘ತಗಸು’ ‘ಬ್ಯಾಡ’ ಎಂದು ತಾನೇ ಹೇಳಿಬಿಡುವ ಗುರು ವೈದ್ಯನ ಜಾಗದಲ್ಲಿ ಕುಳಿತದ್ದಲ್ಲದೆ ಆಕೆಯ ಜಾಗದಲ್ಲೂ ಕುಳಿತಂತಾಯಿತು.

ಆಕೆ ನಿಜವಾಗಿ ತಿಳಿದಿದ್ದಾಳೆಯೇ ಎಂದು ಪರೀಕ್ಷಿಸುವುದು ಹೇಗೆ? ‘ತಿಳೀತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ಅಕ್ಕನಿಗೆ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಬೇಕು. ಏನನ್ನು ತೆಗೆಯುತ್ತಾರೆ, ಏಕೆ, ಬೇರೇನಿದೆ, ಬಿಟ್ಟರೆ ಏನಾಗುತ್ತದೆ ಎಂಬುದು ಆಕೆಯ ಮಾತಿನಲ್ಲೇ ಹೊರಬಂದರೆ ತಿಳಿದಿದೆ. ‘ಡಾಕ್ಟ್ರು ಹೇಳ್ಯಾರ್ರಿ’ ಎಂಬಲ್ಲಿಗೇ ನಿಂತರೆ ತಿಳಿದಿಲ್ಲ. ಇಂಗ್ಲಿಷಿನಲ್ಲಿರುವ ನಮೂನೆ, ಸ್ಟ್ರೆಚರಿನ ಮೇಲೆ ಹಾಕಿಸಿಕೊಂಡ ಸಹಿ, ಶಸ್ತ್ರಚಿಕಿತ್ಸೆಯ ಹೆಸರಿನ ಜಾಗ ಖಾಲಿ ಬಿಟ್ಟ ಹಾಳೆ ಇವನ್ನು ಕಂಡರೆ ಆಸ್ಪತ್ರೆಗಳಲ್ಲಿ ಸೇವೆಗೆ ಹೋಗುವ ನಮ್ಮ ಸಿಸ್ಟರುಗಳಿಗೂ ಗುರುಗಳಿಗೂ ಅನುಮಾನ ಬರಬೇಕು.

ಕೊನೆಯ ಪ್ರಶ್ನೆ ನೇರವಾಗಿ ಗುರುವಿನ ಅಂಗಳಕ್ಕೇ ಬರುತ್ತದೆ. ಅದೇ ಊರಿನ 67 ವರ್ಷದ ತಾಯಿ. ಹುಬ್ಬಳ್ಳಿಯಲ್ಲಿ ಪರೀಕ್ಷೆಯಾಗಿ ಕ್ಯಾನ್ಸರ್ ಖಚಿತವಾಗಿದೆ. ಮಗ ಹೇಳುತ್ತಾನೆ: ‘ಫಾದರ್, ಅವ್ವಗ ಹೇಳಬ್ಯಾಡ್ರಿ, ಎದಿ ಒಡ್ಕೊಂತಾಳ.’ ಕೀಮೋಥೆರಪಿಗೆ ಮಗನೇ ಸಹಿ ಮಾಡಿದ್ದಾನೆ. ತಾಯಿಗೆ ‘ಶಕ್ತಿಗೆ ಸಲೈನ್’ ಎಂದು ಹೇಳಲಾಗಿದೆ. ಗುರು ವ್ಯಾಧಿಸ್ಥರ ಅಭ್ಯಂಗ ಕೊಡಲು ಹೋದಾಗ ಆಕೆ ಕೈ ಹಿಡಿದು ಕೇಳುತ್ತಾಳೆ: ‘ನನಗೇನಾಗೈತ್ರಿ ಫಾದರ್?’

ಸುಳ್ಳು ಹೇಳುವಂತಿಲ್ಲ, ಇಷ್ಟು ಖಚಿತ. ರೋಗದ ಹೆಸರನ್ನು ಒದರಿಬಿಡುವುದೂ ಗುರುವಿನ ಕೆಲಸವಲ್ಲ. ಅದು ವೈದ್ಯರು ಹೇಳಬೇಕಾದ ಮಾತು, ಗುರುವಿಗೆ ತಿಳಿದದ್ದು ಮಗನ ವಿಶ್ವಾಸದಿಂದ. ‘ನಿಮಗೆ ಏನನ್ನಿಸುತ್ತೆ ಅವ್ವಾ?’ ಎಂದು ಕೇಳಿ ಕುಳಿತುಕೊಳ್ಳಬಹುದು; ಬಹಳಷ್ಟು ಸಲ ಅವರಿಗೆ ಗೊತ್ತಿರುತ್ತದೆ. ಆದರೆ ಮಗನೊಂದಿಗೆ ಹೊರಗೆ ನಿಂತು ಆಡಬೇಕಾದ ಮಾತು ಬೇರೆ ಇದೆ. ಮಗನ ಮಮತೆ ಸುಳ್ಳಲ್ಲ. ರೋಗದ ಹೆಸರು ಕೇಳಿಯೇ ಊಟ ಬಿಟ್ಟವರನ್ನು ಅವನು ನೋಡಿರುತ್ತಾನೆ. ಆದರೂ, ರೋಗವನ್ನೇ ಮುಚ್ಚಿಟ್ಟ ಮೇಲೆ ಆಕೆ ಆಡುವ ಯಾವ ‘ಹೂಂ’ಗೂ ಅರ್ಥವಿಲ್ಲ, ಕೂದಲು ಉದುರುವುದು, ವಾಂತಿ, ಮನೆಯಿಂದ ದೂರ ಕಳೆಯಬೇಕಾದ ದಿನಗಳು ಇವನ್ನೆಲ್ಲ ಹೊರುವವಳು ಆಕೆ.

ಇಲ್ಲಿ ಸಂಹಿತೆಯೇ ಒಂದು ದಾರಿ ತೋರಿಸುತ್ತದೆ. ಸಮ್ಮತಿಯನ್ನು ಬೇರಾರೂ ತುಂಬಿಕೊಡಲಾರರು ಎನ್ನುವ ಅದೇ ಸಂಹಿತೆ 1105ನೇ ಕಾನೂನಿನಲ್ಲಿ ಪ್ರತಿನಿಧಿಯ ಮೂಲಕ ವಿವಾಹವಾಗುವುದನ್ನು ಒಪ್ಪುತ್ತದೆ. ವಿರೋಧಾಭಾಸವೆನಿಸಬಹುದು, ಅಲ್ಲ. ಪ್ರತಿನಿಧಿಯನ್ನು ನೇಮಿಸುವವನು ಸಮ್ಮತಿಸುವವನೇ. ನಿರ್ದಿಷ್ಟ ವ್ಯಕ್ತಿಯನ್ನು ವಿವಾಹವಾಗಲು ವಿಶೇಷ ಅಧಿಕಾರಪತ್ರ ಬೇಕು. ಅದನ್ನು ಅವನು ಹಿಂತೆಗೆದುಕೊಂಡರೆ ಪ್ರತಿನಿಧಿಯ ಮಾತು ಬಿದ್ದುಹೋಗುತ್ತದೆ. ಅಧಿಕಾರ ಮೇಲಿನಿಂದ ಇಳಿಯುವುದಿಲ್ಲ, ವ್ಯಕ್ತಿಯಿಂದ ಹೊರಡುತ್ತದೆ. ಹಾಗೆಯೇ ಈ ತಾಯಿಯನ್ನು ವೈದ್ಯರು ಮೊದಲೇ ಕೇಳಬಹುದಿತ್ತು: ‘ಪರೀಕ್ಷೆಯ ಫಲಿತಾಂಶವನ್ನೆಲ್ಲ ನಿಮಗೇ ಹೇಳಲೇ, ಅಥವಾ ಮಗನ ಜೊತೆ ಮಾತಾಡಿದರೆ ಸಾಕೇ?’ ‘ಮಗನ ಜೋಡಿ ಮಾತಾಡ್ರಿ’ ಎಂದು ಆಕೆಯೇ ಹೇಳಿದರೆ ಮಗನ ಸಹಿಗೆ ಜೀವ ಬರುತ್ತದೆ. ನಾಳೆ ಆಕೆ ‘ಇಲ್ಲ, ನನಗೂ ಹೇಳ್ರಿ’ ಎಂದರೆ ಆ ಕ್ಷಣವೇ ಅದು ಹೋಗುತ್ತದೆ. ನಮ್ಮ ಕುಟುಂಬಪದ್ಧತಿಯನ್ನು ಕಿತ್ತುಹಾಕದೆ, ಆಕೆಯನ್ನೂ ಕಳೆದುಕೊಳ್ಳದೆ ನಡೆಯಬಹುದಾದ ದಾರಿ ಇದೆಂದು ನನಗೆ ತೋರುತ್ತದೆ. ದೆಹಲಿಯ ಆ ತಾಯಿಗೆ ಇಂಥ ಅಧಿಕಾರವನ್ನು ಮಗಳು ಕೊಟ್ಟಿರಲಿಲ್ಲ, ವ್ಯತ್ಯಾಸವಿರುವುದು ಅಷ್ಟರಲ್ಲೇ.

ಆದರೆ ತರಗತಿಯನ್ನು ಇಲ್ಲಿಗೂ ಮುಗಿಸಲು ಬಿಡುವುದಿಲ್ಲ. ಇನ್ನೊಂದೇ ಒಂದು ಅಂಶ ಬದಲಿಸುತ್ತೇನೆ. ವೈದ್ಯರು ಆ ಪ್ರಶ್ನೆಯನ್ನು ಕೇಳಿದಾಗ ಮಗ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದಾನೆ. ತಾಯಿ ಒಮ್ಮೆ ಅವನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೇಳುತ್ತಾಳೆ: ‘ನನಗೇನ ತಿಳೀತೈತ್ರಿ, ಎಲ್ಲಾ ನನ್ನ ಮಗನ ನೋಡ್ಕೊಂತಾನ.’ 1103ನೇ ಕಾನೂನನ್ನು ವ್ಯಾಖ್ಯಾನಿಸುವವರು ‘ಗೌರವಜನ್ಯ ಭಯ’ ಎಂಬುದೊಂದನ್ನು ಗುರುತಿಸಿದ್ದಾರೆ: ಹಿರಿಯರು ಬೆದರಿಸಿಲ್ಲ, ಹೊಡೆದಿಲ್ಲ, ಆದರೆ ಯಾರ ಆಶ್ರಯದಲ್ಲಿ ಬದುಕಬೇಕೋ ಅವರ ಮನಸ್ಸಿಗೆ ನೋವಾದೀತೆಂಬ ಹೆದರಿಕೆಯೇ ಬಾಯಿ ಕಟ್ಟುತ್ತದೆ. ಅದು ಎಷ್ಟು ಗಂಭೀರವಾದಾಗ ಸಮ್ಮತಿಯನ್ನು ಕೆಡಿಸುತ್ತದೆ ಎಂಬುದನ್ನು ಧರ್ಮಸಭೆಯ ನ್ಯಾಯಮಂಡಳಿಗಳು ಪ್ರಕರಣ ಪ್ರಕರಣವಾಗಿಯೇ ತೂಗಬೇಕಾಗುತ್ತದೆ. ಆ ತಾಯಿಯ ಮಾತು ನಂಬಿಕೆಯದೋ, ಭಯದ್ದೋ? ಮಗನನ್ನು ‘ಒಂದು ಚಹಾ ಕುಡಿದು ಬಾರಪ್ಪಾ’ ಎಂದು ಕಳಿಸಿ ಮತ್ತೊಮ್ಮೆ ಕೇಳುವ ಹಕ್ಕು ವೈದ್ಯನಿಗಿದೆಯೇ, ಗುರುವಿಗಿದೆಯೇ? ಆಗಲೂ ಆಕೆ ಅದೇ ಮಾತನ್ನೇ ಹೇಳಿದರೆ?

ಇದಕ್ಕೆ ವಿದ್ಯಾರ್ಥಿಗಳು ಎರಡು ಪುಟಗಳ ಉತ್ತರ ಬರೆದು ಮುಂದಿನ ತರಗತಿಗೆ ತರಬೇಕು. ಬರೆಯುವ ಮೊದಲು ತಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳಲ್ಲಿ ಒಬ್ಬರನ್ನಾದರೂ, ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ, ‘ನಿನಗೇ ಹೀಗಾದರೆ ಯಾರಿಗೆ ಹೇಳಬೇಕು?’ ಎಂದು ಕೇಳಿಕೊಂಡು ಬರಬೇಕೆಂಬುದು ಕರಾರು.